ನಿದ್ದೆಯಲ್ಲಿ ಗುದ್ದುವ, ಕೂಗುವ ಹಿರಿಯರು: ಮನೆಯವರು ನೋಡಬೇಕಾದದ್ದು, ವೈದ್ಯರಿಗೆ ಹೇಳಬೇಕಾದದ್ದು

ಐವತ್ತು ದಾಟಿದ ಗಂಡಸು ಬೆಳಗಿನ ಜಾವ ಕಣ್ಣು ಮುಚ್ಚಿಕೊಂಡೇ ಬೈಯುತ್ತಾನೆ, ಗಾಳಿಗೆ ಗುದ್ದುತ್ತಾನೆ, ಪಕ್ಕದಲ್ಲಿ ಮಲಗಿದ ಹೆಂಡತಿಗೆ ಒದೆಯುತ್ತಾನೆ. ಎಬ್ಬಿಸಿದರೆ ತಟ್ಟನೆ ಎಚ್ಚರಗೊಂಡು, ನಾಯಿ ಬೆನ್ನಟ್ಟಿತ್ತು ಎಂದು ಕನಸು ಹೇಳುತ್ತಾನೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಇದನ್ನು ಹಗಲಿನ ದಣಿವೆಂದು ನಕ್ಕು ಬಿಡುವವರು ಹೆಚ್ಚು. ಉಳಿದವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತಾರೆ. ತಾಯಿತ ಕಟ್ಟಿಸಿದರೆ ನಷ್ಟವೇನಿಲ್ಲ, ಅದನ್ನೇ ನಂಬಿ ನಾಲ್ಕು ವರ್ಷ ಕಳೆದರೆ ನಷ್ಟ.

ಇದಕ್ಕೆ ವೈದ್ಯರು ಕೊಟ್ಟ ಹೆಸರು ರೆಮ್ ನಿದ್ದೆಯ ನಡವಳಿಕೆಯ ತೊಂದರೆ, ಚುಟುಕಾಗಿ ಆರ್‌ಬಿಡಿ. 1986ರಲ್ಲಿ ಅಮೆರಿಕದ ಮಿನ್ನೆಸೋಟದ ವೈದ್ಯರಾದ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಾಹೋವಾಲ್ಡ್ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿ ಬರೆದರು. ಅಲ್ಲಿಯವರೆಗೆ ಇಂಥವರನ್ನು ಮಾನಸಿಕ ರೋಗಿಗಳೆಂದೋ ನಿದ್ದೆಯಲ್ಲಿ ನಡೆಯುವವರೆಂದೋ ಎಣಿಸುವುದೇ ರೂಢಿಯಾಗಿತ್ತು.

ನಮ್ಮ ನಿದ್ದೆಯಲ್ಲಿ ಸುಮಾರು ಒಂದೂವರೆ ಗಂಟೆಗೊಮ್ಮೆ ಕನಸು ದಟ್ಟವಾಗಿರುವ ಒಂದು ಹಂತ ಬರುತ್ತದೆ. ಅದೇ ರೆಮ್ ನಿದ್ದೆ. ಆಗ ಮಿದುಳು ಎಚ್ಚರದಲ್ಲಿದ್ದಷ್ಟೇ ಚುರುಕಾಗಿರುತ್ತದೆ, ಆದರೆ ಕೈಕಾಲಿನ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನು ಮಿದುಳಿನ ಬುಡದಲ್ಲಿರುವ ಒಂದು ವ್ಯವಸ್ಥೆ ತಡೆದಿಡುತ್ತದೆ. ಕ್ಲಚ್ ಒತ್ತಿದ ಟ್ರ್ಯಾಕ್ಟರಿನಂತೆ ಎಂಜಿನ್ ಗುಡುಗುತ್ತಿರುತ್ತದೆ, ಗಾಲಿ ಮಾತ್ರ ತಿರುಗುವುದಿಲ್ಲ. ಆ ತಡೆ ಸಡಿಲವಾದಾಗ ಕನಸಿನಲ್ಲಿ ಎತ್ತಿದ ಕೈ ಹಾಸಿಗೆಯಲ್ಲೂ ಏಳುತ್ತದೆ. ಇಲ್ಲಿ ಕೆಟ್ಟಿರುವುದು ಮನುಷ್ಯನ ಸ್ವಭಾವವಲ್ಲ. ಹಗಲು ಒಂದು ಗಟ್ಟಿ ಮಾತಾಡದ ಸಾಧು ಮನುಷ್ಯರೇ ರಾತ್ರಿ ಹೀಗೆ ಗುದ್ದಾಡುವುದನ್ನು ವೈದ್ಯರು ಮೊದಲಿನಿಂದಲೂ ಕಂಡಿದ್ದಾರೆ. ಹಾಗೆಂದು ಎಚ್ಚರವಿದ್ದೇ ಕೈ ಎತ್ತುವ ಗಂಡನಿಗೆ ಈ ಕಾಯಿಲೆಯ ಹೆಸರು ನೆಪವಾಗಬಾರದು.

ಆಸ್ಪತ್ರೆಗೆ ಹೋಗುವ ಮೊದಲೇ ರಾತ್ರಿಯನ್ನು ಸುರಕ್ಷಿತ ಮಾಡಿ

ರೋಗ ಯಾವುದೆಂದು ತಿಳಿಯುವವರೆಗೆ ಕಾಯಬೇಕಿಲ್ಲದ ಕೆಲಸವಿದು, ಇವತ್ತೇ ಆಗಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ರೂಢಿಯಿದೆ. ಹಳೆಯ ಮಣ್ಣಿನ ಮಾಳಿಗೆಗೆ ಅಂಚುಗೋಡೆಯೇ ಇರುವುದಿಲ್ಲ, ಇದ್ದರೂ ಮೊಣಕಾಲೆತ್ತರ. ಕನಸಿನಲ್ಲಿ ಓಡುವ ಮನುಷ್ಯ ಅಲ್ಲಿ ಮಲಗಲೇಬಾರದು. ಬೆಳೆ ಕಾಯಲು ಹೊಲದ ಅಟ್ಟಣಿಗೆಯ ಮೇಲೆ ಒಬ್ಬರೇ ಮಲಗುವುದೂ ನಿಲ್ಲಬೇಕು.

ಮನೆಯೊಳಗೆ ನೆಲದ ಮೇಲೆ ಗಾದಿ ಹಾಸುವುದು ಒಳ್ಳೆಯದು. ಹೊರಸೋ ಮಂಚವೋ ಬೇಕೇ ಬೇಕೆಂದರೆ ಅದು ಗಿಡ್ಡದಾಗಿರಲಿ, ಬೀಳುವ ಬದಿಗೆ ಮಡಚಿದ ಕೌದಿಗಳನ್ನು ದಪ್ಪಗೆ ಹಾಸಿಡಿ. ಟ್ರಂಕಿನ ಮೂಲೆ, ಗಾಜಿನ ಕಿಟಕಿ, ಹಿತ್ತಾಳೆ ಕೊಡ, ಇವೆಲ್ಲ ಕೈಗೆ ತಾಕದಷ್ಟು ದೂರವಿರಲಿ. ಕಳ್ಳರ ಭಯಕ್ಕೆಂದು ತಲೆದಿಂಬಿನ ಬಳಿ ಕುಡಗೋಲೋ ಬಡಿಗೆಯೋ ಇಟ್ಟುಕೊಳ್ಳುವವರಿದ್ದಾರೆ. ಅದನ್ನು ಆ ಕೋಣೆಯಿಂದಲೇ ಹೊರಗೆ ಹಾಕಿ, ಬೇರೆ ಕಡೆ ಬೀಗದಲ್ಲಿಡಿ. ಮೊಮ್ಮಗ ಅಜ್ಜನ ಮಗ್ಗುಲಲ್ಲಿ ಮಲಗುವುದು ಬೇಡ. ಹೆಂಡತಿ ಸದ್ಯಕ್ಕೆ ಬೇರೆ ಹಾಸಿಗೆಯಲ್ಲಿ ಮಲಗಲಿ, ಅದೇ ಕೋಣೆಯಾದರೂ ಸರಿ. ಅದಾಗದಿದ್ದರೆ ಇಬ್ಬರ ನಡುವೆ ದಪ್ಪ ಲೋಡು ಇರಲಿ. ಹಗ್ಗದಿಂದಲೋ ಸೀರೆಯಿಂದಲೋ ಕಟ್ಟಿ ಮಲಗಿಸುವುದು ಮಾತ್ರ ಸಲ್ಲದು. ಕಟ್ಟಿದ ಕೈಯನ್ನೇ ಜಗ್ಗಾಡಿ ಗಾಯ ಮಾಡಿಕೊಳ್ಳುತ್ತಾರೆ.

ಗುದ್ದಾಟ ಶುರುವಾದಾಗ ಹತ್ತಿರ ಹೋಗಿ ಭುಜ ಹಿಡಿದು ಅಲುಗಿಸಬೇಡಿ. ಕನಸಿನ ನಾಯಿ ಕಚ್ಚುವ ಹೊತ್ತಿಗೆ ನೀವು ಮುಟ್ಟಿದರೆ ಏಟು ನಿಮಗೇ ಬೀಳುತ್ತದೆ. ಕೈಗೆ ಸಿಗದಷ್ಟು ದೂರ ನಿಂತು, ದೀಪ ಹಾಕಿ, ಹೆಸರು ಹಿಡಿದೋ ಸಂಬಂಧ ಹೇಳಿಯೋ ಗಟ್ಟಿಯಾಗಿ ಕರೆಯಿರಿ. ಈ ತೊಂದರೆಯಿರುವವರು ಸಾಮಾನ್ಯವಾಗಿ ಬೇಗ ಎಚ್ಚರಗೊಳ್ಳುತ್ತಾರೆ.

ಬಿದ್ದು ತಲೆಗೆ ಪೆಟ್ಟಾಗಿದ್ದರೆ ಅದನ್ನು ಹಗುರವಾಗಿ ನೋಡಬೇಡಿ. ವಯಸ್ಸಾದವರಲ್ಲಿ, ಅದರಲ್ಲೂ ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರಲ್ಲಿ, ತಲೆಬುರುಡೆಯೊಳಗೆ ರಕ್ತ ನಿಧಾನಕ್ಕೆ ಜಿನುಗಿ, ದಿನಗಳೋ ವಾರಗಳೋ ಕಳೆದ ಮೇಲೆ ತೊಂದರೆ ಕೊಡಬಹುದು. ಹೆಚ್ಚುತ್ತಿರುವ ತಲೆನೋವು, ಮಂಪರು, ಒಂದು ಬದಿಯ ಕೈಕಾಲಿನ ಬಲಹೀನತೆ ಕಂಡರೆ ಅದೇ ದಿನ ಸಿ.ಟಿ. ಸ್ಕ್ಯಾನ್ ಆಗಬೇಕು.

ಸಾಕ್ಷಿ ಹೇಳಬೇಕಾದವರು ಮನೆಯವರು

ಈ ಕಾಯಿಲೆಯ ವಿಚಿತ್ರವೆಂದರೆ, ರೋಗಿಗೆ ತನ್ನ ರೋಗದ ಬಗ್ಗೆ ಗೊತ್ತಿರುವುದೇ ಕಡಿಮೆ. ಎಚ್ಚರಗೊಂಡಾಗ ಕನಸು ನೆನಪಿದ್ದೀತು, ಕೈ ಬೀಸಿದ್ದು ಗೊತ್ತಿರುವುದಿಲ್ಲ. ಆದ್ದರಿಂದ ವೈದ್ಯರ ಎದುರು ರೋಗಿಯೊಬ್ಬರೇ ಕುಳಿತು "ನಿದ್ದೆ ಚೆನ್ನಾಗಿ ಬರುತ್ತದೆ" ಎಂದುಬಿಟ್ಟರೆ ವಿಷಯ ಅಲ್ಲಿಗೇ ಮುಗಿಯಿತು. ಪಕ್ಕದಲ್ಲಿ ಮಲಗುವವರು ಜೊತೆಗೆ ಹೋಗಲೇಬೇಕು. ಆಸ್ಪತ್ರೆಗೆ ಬರುವವರಲ್ಲಿ ಗಂಡಸರೇ ಹೆಚ್ಚಾಗಿ ಕಾಣುವುದಕ್ಕೂ ಇದು ಒಂದು ಕಾರಣವಿರಬಹುದು: ಒಂಟಿಯಾಗಿ ಮಲಗುವ ವಿಧವೆ ಅಜ್ಜಿಯ ಕೂಗನ್ನು ಕೇಳುವವರು ಯಾರು?

ಮೂರು ನಾಲ್ಕು ವಾರ ಒಂದು ನೋಟ್‌ಬುಕ್ ಇಟ್ಟು, ಕೂಗಾಟವಾದ ರಾತ್ರಿ ಬರೆದಿಡಿ. ಮಲಗಿದ್ದು ಎಷ್ಟಕ್ಕೆ, ಘಟನೆ ಎಷ್ಟು ಗಂಟೆಗೆ, ಕಣ್ಣು ತೆರೆದಿತ್ತೋ ಮುಚ್ಚಿತ್ತೋ, ಕರೆದ ಮೇಲೆ ಎಷ್ಟು ಬೇಗ ಎಚ್ಚರವಾದರು, ಏನು ಕನಸು ಹೇಳಿದರು. ಸಾಧ್ಯವಾದರೆ ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ಮಾಡಿ. ಮುಖ, ಎರಡೂ ಕೈ, ಗಡಿಯಾರ ಕಾಣುವಂತಿದ್ದರೆ ಇನ್ನೂ ಒಳ್ಳೆಯದು. ಮನೆಯ ಮಾನ ಹೋಗುತ್ತದೆಂದು ಸಂಕೋಚಪಡುವವರು ಇರುತ್ತಾರೆ. ವೈದ್ಯರಿಗೆ ತೋರಿಸಿ ಅಳಿಸಿಬಿಡಿ, ಕುಟುಂಬದ ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ.

ಇಷ್ಟೆಲ್ಲ ಯಾಕೆ ಬರೆಯಬೇಕೆಂದರೆ, ರಾತ್ರಿ ಕೂಗುವುದೆಲ್ಲ ಇದೇ ಕಾಯಿಲೆಯಲ್ಲ, ಮತ್ತು ಅವುಗಳನ್ನು ಬೇರ್ಪಡಿಸುವುದು ಈ ಸಣ್ಣ ವಿವರಗಳೇ. ರೆಮ್ ನಿದ್ದೆ ಬೆಳಗಾಗುತ್ತ ಬಂದಂತೆ ಉದ್ದವಾಗುತ್ತದೆ. ಹತ್ತಕ್ಕೆ ಮಲಗಿದವರ ಗುದ್ದಾಟ ಮೂರು, ನಾಲ್ಕು ಗಂಟೆಯ ಸುಮಾರಿಗೆ ನಡೆಯುತ್ತಿದ್ದರೆ, ಕಣ್ಣು ಮುಚ್ಚಿದ್ದರೆ, ಎದ್ದ ಕೂಡಲೇ ನೆಟ್ಟಗೆ ಮಾತಾಡಿ ಕನಸು ಹೇಳಿದರೆ ಅನುಮಾನ ಆರ್‌ಬಿಡಿಯ ಕಡೆ ವಾಲುತ್ತದೆ. ಮಲಗಿದ ಒಂದೆರಡು ಗಂಟೆಯೊಳಗೆ ಕಣ್ಣು ತೆರೆದು ಎದ್ದು ನಡೆದು, ಕರೆದರೆ ಗೊಂದಲಗೊಂಡು, ಬೆಳಿಗ್ಗೆ ಏನೂ ನೆನಪಿಲ್ಲ ಎಂದರೆ ಅದು ನಿದ್ದೆನಡಿಗೆಯ ಜಾತಿ. ಅದು ಹೆಚ್ಚಾಗಿ ಚಿಕ್ಕಂದಿನಿಂದಲೇ ಇರುತ್ತದೆ. ಪ್ರತಿ ಸಲವೂ ಅಚ್ಚು ಹೊಡೆದಂತೆ ಒಂದೇ ರೀತಿಯ ಚಲನೆ, ಕೈಕಾಲು ಸೆಟೆದುಕೊಳ್ಳುವುದು, ನಾಲಿಗೆ ಕಚ್ಚಿಕೊಳ್ಳುವುದು, ಹಾಸಿಗೆಯಲ್ಲಿ ಮೂತ್ರ, ಆಮೇಲೆ ಬಹಳ ಹೊತ್ತು ಮಂಕು, ಇವು ಕಂಡರೆ ಫಿಟ್ಸ್ ಇರಬಹುದು, ಬೇಗ ತೋರಿಸಬೇಕು.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಗೊರಕೆ. ನಿದ್ದೆಯಲ್ಲಿ ಉಸಿರು ಪದೇ ಪದೇ ಕಟ್ಟುವ ತೊಂದರೆ ತೀವ್ರವಾಗಿದ್ದರೆ, ಉಸಿರಿಗಾಗಿ ಎಚ್ಚರಗೊಳ್ಳುವ ಆ ಕ್ಷಣದಲ್ಲಿ ಮನುಷ್ಯ ಕೈಕಾಲು ಬಡಿಯುತ್ತಾನೆ, ಕೂಗುತ್ತಾನೆ, ಕೆಟ್ಟ ಕನಸನ್ನೂ ಹೇಳುತ್ತಾನೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಉಸಿರಿನ ಯಂತ್ರ ಹಾಕಿದರೆ ಅಂಥವರ ಗುದ್ದಾಟ ನಿಂತುಹೋಗುತ್ತದೆ. ಆದ್ದರಿಂದ ಗೊರಕೆಯ ನಡುವೆ ಸದ್ದು ನಿಂತು ಮತ್ತೆ ಗಕ್ಕನೆ ಶುರುವಾಗುತ್ತದೆಯೇ, ಹಗಲು ಕುಳಿತಲ್ಲೇ ತೂಕಡಿಕೆ ಬರುತ್ತದೆಯೇ ಎಂದೂ ಬರೆದುಕೊಳ್ಳಿ.

ಗುಳಿಗೆಯ ಚೀಲ ಪೂರ್ತಿ ಒಯ್ಯಿರಿ

ಖಿನ್ನತೆಗೆ ಕೊಡುವ ಹಲವು ಗುಳಿಗೆಗಳು ರೆಮ್ ನಿದ್ದೆಯ ಸ್ನಾಯು ತಡೆಯನ್ನು ಸಡಿಲಿಸುತ್ತವೆ. ಫ್ಲುಯೊಕ್ಸೆಟಿನ್, ಸರ್ಟ್ರಾಲಿನ್, ವೆನ್ಲಾಫಾಕ್ಸಿನ್, ಮಿರ್ಟಾಜಾಪಿನ್, ಅಮಿಟ್ರಿಪ್ಟಿಲಿನ್ ಈ ಸಾಲಿನವು. ಕೊನೆಯದನ್ನು ಕಾಲಿನ ಉರಿ, ಜೋಮು, ಬೆನ್ನುನೋವು, ತಲೆನೋವಿಗೂ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ, ಹಾಗಾಗಿ "ನಾನು ಮನಸ್ಸಿನ ಗುಳಿಗೆ ನುಂಗುವುದಿಲ್ಲ" ಎನ್ನುವವರ ಚೀಲದಲ್ಲೂ ಅದು ಇರಬಹುದು. ಯಾವ ಗುಳಿಗೆ ಯಾವ ತಿಂಗಳು ಶುರುವಾಯಿತು, ಕೂಗಾಟ ಯಾವಾಗ ಶುರುವಾಯಿತು, ಈ ಎರಡು ತಾರೀಖುಗಳನ್ನು ಪಕ್ಕಪಕ್ಕದಲ್ಲಿ ಬರೆಯಿರಿ. ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಬೇರೆಯದೇ ತೊಂದರೆಗಳು ಬರುತ್ತವೆ.

ಕುಡಿತದ ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ದಿನವೂ ವಿಪರೀತ ಕುಡಿಯುವವರು ಹರಕೆಗೆಂದು ಒಮ್ಮೆಲೇ ಬಿಟ್ಟಾಗ, ಎರಡು ಮೂರು ದಿನಗಳಲ್ಲಿ ಕೈ ನಡುಕ, ಬೆವರು, ಹಗಲಿನಲ್ಲೂ ಇಲ್ಲದ್ದು ಕಾಣುವುದು ಶುರುವಾದರೆ ಅದು ತುರ್ತು ಪರಿಸ್ಥಿತಿ. ನೋಟ್‌ಬುಕ್ ಬರೆಯುತ್ತ ಕೂರುವ ಹೊತ್ತಲ್ಲ, ನೇರ ಆಸ್ಪತ್ರೆಗೆ ಹೋಗಿ.

ಯಾವ ವೈದ್ಯರು, ಯಾವ ಪರೀಕ್ಷೆ

ಮೊದಲು ತಾಲ್ಲೂಕಿನ ಫಿಜಿಷಿಯನ್ ಬಳಿ ಹೋದರೂ ಆಗುತ್ತದೆ, ಮುಂದೆ ಬೇಕಾಗುವುದು ನರರೋಗ ತಜ್ಞರು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರರಲ್ಲೂ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ನಮ್ಮ ಕಡೆಯವರು ರೂಢಿಯಂತೆ ಹುಬ್ಬಳ್ಳಿ, ಮಿರಜ, ಸೊಲ್ಲಾಪುರಕ್ಕೂ ಹೋಗುತ್ತಾರೆ. ಇನ್ನೂ ಮುಂದೆಂದರೆ ಬೆಂಗಳೂರಿನ ನಿಮ್ಹಾನ್ಸ್. ಎಲ್ಲಿಗೆ ಹೋಗುವುದಿದ್ದರೂ ಹೊರಡುವ ಮೊದಲು ಫೋನಿನಲ್ಲಿ ಹೀಗೆ ಕೇಳಿ: "ರಾತ್ರಿ ಪೂರ್ತಿ ವಿಡಿಯೊ ಸಮೇತ, ಮಿದುಳಿನ ಅಲೆ ಮತ್ತು ಗದ್ದದ ಸ್ನಾಯುವನ್ನು ದಾಖಲಿಸುವ ನಿದ್ದೆ ಪರೀಕ್ಷೆ ನಿಮ್ಮಲ್ಲಿ ಆಗುತ್ತದೆಯೇ? ಖರ್ಚೆಷ್ಟು?" ವಿಡಿಯೊ ಪಾಲಿಸೋಮ್ನೋಗ್ರಫಿ ಎಂದರೂ ಅವರಿಗೆ ಅರ್ಥವಾಗುತ್ತದೆ.

ಹೀಗೆ ಬಿಡಿಸಿ ಕೇಳಲು ಕಾರಣವಿದೆ. ಬೆರಳಿಗೆ ಕ್ಲಿಪ್, ಮೂಗಿಗೆ ಕೊಳವೆ ಹಾಕಿ ಮನೆಗೇ ಕೊಟ್ಟು ಕಳಿಸುವ ಚಿಕ್ಕ ಯಂತ್ರ ಉಸಿರು ಕಟ್ಟುವುದನ್ನು ಹಿಡಿಯುತ್ತದೆ, ಆರ್‌ಬಿಡಿಯನ್ನು ಹಿಡಿಯುವುದಿಲ್ಲ, ಏಕೆಂದರೆ ಅದರಲ್ಲಿ ಮಿದುಳಿನ ಅಲೆಯೂ ಇಲ್ಲ, ಸ್ನಾಯುವಿನ ದಾಖಲೆಯೂ ಇಲ್ಲ. ಹಗಲು ಅರ್ಧ ಗಂಟೆ ಮಾಡುವ ಇ.ಇ.ಜಿ. ಮತ್ತು ಎಂ.ಆರ್.ಐ. ಈ ಕಾಯಿಲೆಯಲ್ಲಿ ಬಹುಪಾಲು ಸರಿಯಾಗಿಯೇ ಬರುತ್ತವೆ. ಸಾವಿರಾರು ರೂಪಾಯಿ ಸುರಿದು, "ಸ್ಕ್ಯಾನ್ ನಾರ್ಮಲ್, ಏನೂ ಇಲ್ಲ" ಎಂದು ನೆಮ್ಮದಿಯಿಂದ ಮನೆಗೆ ಮರಳುವುದು ಇಲ್ಲಿ ಅತಿ ಸಾಮಾನ್ಯವಾದ ದಾರಿತಪ್ಪು. ಆ ಪರೀಕ್ಷೆಗಳು ಬೇರೆ ಕಾರಣಗಳನ್ನು ಹುಡುಕಲು ಬೇಕಾಗಬಹುದು, ಆದರೆ ಆರ್‌ಬಿಡಿ ಇಲ್ಲ ಎಂದು ಹೇಳುವ ಶಕ್ತಿ ಅವಕ್ಕಿಲ್ಲ.

ನಿಜವಾದ ಪರೀಕ್ಷೆಯಲ್ಲಿ ಸಂಜೆ ದಾಖಲಾಗಿ ಅಲ್ಲೇ ಮಲಗಬೇಕು. ತಲೆಗೆ, ಕಣ್ಣಿನ ಬದಿಗೆ, ಗದ್ದಕ್ಕೆ, ಕೈಕಾಲಿಗೆ ತಂತಿ ಅಂಟಿಸುತ್ತಾರೆ, ಎದೆಗೆ ಪಟ್ಟಿ ಕಟ್ಟುತ್ತಾರೆ, ಕತ್ತಲೆಯಲ್ಲೂ ಕಾಣುವ ಕ್ಯಾಮೆರಾ ಇಡುತ್ತಾರೆ. ನೋವಿಲ್ಲ, ಚುಚ್ಚುವುದೂ ಇಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಬೇಡಿ, ಅಂಟು ಹಿಡಿಯುವುದಿಲ್ಲ. "ಹೊಸ ಜಾಗ, ಆ ರಾತ್ರಿ ನಾನು ಗುದ್ದಲೇ ಇಲ್ಲ, ದುಡ್ಡು ದಂಡ" ಎಂದು ಕೊರಗಬೇಕಿಲ್ಲ. ರೆಮ್ ನಿದ್ದೆಯಲ್ಲಿ ಸಡಿಲವಾಗಬೇಕಾದ ಗದ್ದದ ಸ್ನಾಯು ಬಿಗಿಯಾಗಿಯೇ ಇರುವುದು ಗುದ್ದಾಟವಿಲ್ಲದ ರಾತ್ರಿಯಲ್ಲೂ ದಾಖಲಾಗುತ್ತದೆ. ಅದಕ್ಕೆ ನೀವು ತಂದ ವಿಡಿಯೊ, ನೋಟ್‌ಬುಕ್ ಸೇರಿದರೆ ವೈದ್ಯರಿಗೆ ತೀರ್ಮಾನ ಸುಲಭ.

ಒಂದು ಉದಾಹರಣೆ

ಮುಧೋಳದ ಕಡೆಯ ಅರವತ್ತಮೂರರ ರೈತರೊಬ್ಬರು ಎಂದಿಟ್ಟುಕೊಳ್ಳೋಣ. ಕಲ್ಪಿತ ವ್ಯಕ್ತಿ, ಆದರೆ ಇಂಥವರ ಕಥೆ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಗೋವಿನಜೋಳಕ್ಕೆ ನುಗ್ಗಿದ ಹಂದಿಯನ್ನು ಓಡಿಸುವ ಕನಸಿನಲ್ಲಿ ಹೆಂಡತಿಯ ಕಣ್ಣಿನ ಕೆಳಗೆ ಗುದ್ದಿ, ಅದು ಕಪ್ಪುಗಟ್ಟಿದೆ. ಆಕೆ ಊರಲ್ಲಿ ಕೇಳಿದವರಿಗೆಲ್ಲ ಬಾಗಿಲು ಬಡಿಯಿತು ಎಂದಿದ್ದಾರೆ. ಮಗಳು ಬಂದವಳು ವಿಷಯ ತಿಳಿದು ನೋಟ್‌ಬುಕ್ ಇಡಿಸುತ್ತಾಳೆ. ಒಂದು ತಿಂಗಳಲ್ಲಿ ಏಳು ರಾತ್ರಿ ಕೂಗಾಟ, ಏಳೂ ಎರಡೂವರೆಯ ನಂತರವೇ. ಪ್ರತಿ ಸಲವೂ ಕಣ್ಣು ಮುಚ್ಚಿತ್ತು. "ಏನ್ರೀ" ಎಂದು ಎರಡು ಸಲ ಕರೆದರೆ ಎಚ್ಚರ, ಕೂಡಲೇ ಕನಸಿನ ವರದಿ.

ಚೀಲದಲ್ಲಿ ಅಮಿಟ್ರಿಪ್ಟಿಲಿನ್ ಇದೆ, ಕಾಲಿನ ಉರಿಗೆ ಒಂದು ವರ್ಷದ ಹಿಂದೆ ಕೊಟ್ಟದ್ದು. ಆದರೆ ಕೂಗಾಟ ಮೂರು ವರ್ಷದ್ದು. ಗುಳಿಗೆ ಬೆಂಕಿಗೆ ತುಪ್ಪ ಸುರಿದಿರಬಹುದು, ಬೆಂಕಿ ಹಚ್ಚಿದ್ದು ಅದಲ್ಲ. ನಿದ್ದೆ ಪರೀಕ್ಷೆಯಲ್ಲಿ ಉಸಿರು ಕಟ್ಟುವುದು ಅಲ್ಪ, ಗದ್ದದ ಸ್ನಾಯು ರೆಮ್ ನಿದ್ದೆಯಲ್ಲಿ ಬಿಗಿ. ಅಲ್ಲಿಗೆ ಹೆಸರು ಖಚಿತವಾಯಿತು.

ಆಮೇಲೆ ವೈದ್ಯರು ನಿದ್ದೆಗೆ ಸಂಬಂಧವೇ ಇಲ್ಲದಂತೆ ಕಾಣುವ ಪ್ರಶ್ನೆಗಳನ್ನು ಕೇಳುತ್ತಾರೆ. ಒಲೆಯ ಮೇಲೆ ಹಾಲು ಹತ್ತಿದ ವಾಸನೆ ಬರುತ್ತದೆಯೇ? ಹೆಂಡತಿ ಹೇಳುತ್ತಾರೆ, ಎದುರಿಗೇ ಕುಳಿತಿದ್ದರೂ ಅವರಿಗೆ ತಿಳಿಯಲಿಲ್ಲ. ಮಲಬದ್ಧತೆ? ಹತ್ತು ವರ್ಷದಿಂದ ಇಸಬಗೋಲ. ಮಲಗಿಸಿ ನೋಡಿದ ರಕ್ತದೊತ್ತಡ 138, ಎದ್ದು ನಿಂತು ಮೂರು ನಿಮಿಷಕ್ಕೆ 112. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದು ಗಮನಿಸಬೇಕಾದ ಇಳಿತ. ಒತ್ತಡದ ಗುಳಿಗೆಯಿಂದ ಹಾಗಾಗಿದೆಯೇ ಎಂದೂ ನೋಡಬೇಕು. ಸಹಿ ಚಿಕ್ಕದಾಗಿದೆಯೇ ಎಂದು ತಿಳಿಯಲು ಹಳೆಯ ಬ್ಯಾಂಕ್ ಪಾಸ್‌ಬುಕ್ಕಿನ ಸಹಿಯ ಜೊತೆ ಹೋಲಿಸುತ್ತಾರೆ, ನಡೆಯುವಾಗ ಎರಡೂ ಕೈ ಸಮನಾಗಿ ಬೀಸುತ್ತವೆಯೇ ಎಂದು ನೋಡುತ್ತಾರೆ. ಇವರಲ್ಲಿ ಈ ಎರಡೂ ಸರಿಯಾಗಿವೆ.

ಈ ಪ್ರಶ್ನೆಗಳೆಲ್ಲ ಯಾಕೆ

ನುಂಗಲು ಕಷ್ಟವಾದ ಮಾತು ಇಲ್ಲಿದೆ. ಗುಳಿಗೆಯಂಥ ಬೇರೆ ಕಾರಣವಿಲ್ಲದೆ ಐವತ್ತರ ಮೇಲೆ ಬರುವ ಆರ್‌ಬಿಡಿ, ಅನೇಕರಲ್ಲಿ ಪಾರ್ಕಿನ್ಸನ್ ಕಾಯಿಲೆ ಅಥವಾ ಲೂಯಿ ಬಾಡಿ ಮರೆಗುಳಿತನದ ಮುಂಗುರುತು. ಅಪರೂಪಕ್ಕೆ ಇದೇ ಕುಟುಂಬದ, ಎಂ.ಎಸ್.ಎ. ಎಂಬ ಇನ್ನೊಂದು ಕಾಯಿಲೆಯದ್ದು. ಮೂರರಲ್ಲೂ ಮಿದುಳಿನ ಕೋಶಗಳೊಳಗೆ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನು ಗಂಟುಗಟ್ಟುತ್ತದೆ. ಅದು ಮಿದುಳಿನ ಬುಡದಲ್ಲಿ, ನಿದ್ದೆಯ ತಡೆಯಿರುವ ಜಾಗದಲ್ಲಿ ಮೊದಲೇ ಹಾನಿ ಮಾಡಿದರೆ ಕೈ ನಡುಗುವ ಎಷ್ಟೋ ವರ್ಷ ಮುಂಚೆಯೇ ಕನಸು ಹೊರಬೀಳುತ್ತದೆ. ವಾಸನೆ ಹೋಗುವುದು, ಮಲಬದ್ಧತೆ, ನಿಂತಾಗ ಒತ್ತಡ ಇಳಿಯುವುದು ಇದೇ ದಾರಿಯ ಇತರ ಗುರುತುಗಳು. ಒಂಟಿಯಾಗಿ ಇವಕ್ಕೆ ಅರ್ಥ ಕಡಿಮೆ, ನೆಗಡಿಯಾದರೂ ವಾಸನೆ ಹೋಗುತ್ತದೆ.

2019ರಲ್ಲಿ ಹಲವು ದೇಶಗಳ 24 ಕೇಂದ್ರಗಳು 1,280 ಆರ್‌ಬಿಡಿ ರೋಗಿಗಳನ್ನು ಹಿಂಬಾಲಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಕ್ಕೆ ನೂರರಲ್ಲಿ ಸುಮಾರು ಆರು ಜನರಂತೆ ಈ ಕಾಯಿಲೆಗಳತ್ತ ಹೊರಳಿದರು. ಹನ್ನೆರಡು ವರ್ಷಗಳ ಲೆಕ್ಕದಲ್ಲಿ ಅದು ನೂರಕ್ಕೆ ಎಪ್ಪತ್ತನ್ನು ದಾಟಿತು. ಇವರೆಲ್ಲ ನಿದ್ದೆ ಪರೀಕ್ಷೆಯಿಂದ ಖಚಿತಪಟ್ಟು, ತಜ್ಞ ಕೇಂದ್ರಗಳವರೆಗೆ ಬಂದವರು ಎಂಬುದನ್ನು ಮರೆಯಬಾರದು. ವರ್ಷಕ್ಕೊಮ್ಮೆ ಜ್ವರದಲ್ಲಿ ಕೂಗಿದ ಕಾಕಾನಿಗೆ ಈ ಅಂಕಿ ಸಲ್ಲುವುದಿಲ್ಲ. ಖಚಿತಪಟ್ಟವರಲ್ಲೂ ಯಾರಿಗೆ ಎರಡು ವರ್ಷದಲ್ಲಿ, ಯಾರಿಗೆ ಇಪ್ಪತ್ತು ವರ್ಷವಾದರೂ ಇಲ್ಲ ಎಂದು ಮೊದಲೇ ಹೇಳಲಾಗದು. ಹೊರಳುವುದನ್ನು ತಡೆಯುವ ಗುಳಿಗೆ ಇಂದಿಗೆ ಇಲ್ಲ. ಬಿರುಸಾದ ನಡಿಗೆಯಂಥ ವ್ಯಾಯಾಮವನ್ನು ತಜ್ಞರು ಸೂಚಿಸುತ್ತಾರೆ, ಅದೂ ಖಾತರಿಯಲ್ಲ.

ಹಾಗಾದರೆ ತಿಳಿದು ಏನು ಮಾಡುವುದು ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಮುಂದಿನ ಮಾತನ್ನು ಎಷ್ಟು ಕೇಳಬೇಕೆಂಬುದು ರೋಗಿಯ ಹಕ್ಕು. "ಸದ್ಯಕ್ಕೆ ಗುದ್ದುವುದು ನಿಲ್ಲಿಸಿ, ಉಳಿದದ್ದು ಆಮೇಲೆ" ಎಂದು ಅವರು ಹೇಳಿದರೆ ವೈದ್ಯರೂ ಮಕ್ಕಳೂ ಒಪ್ಪಬೇಕು. ತಂದೆಯನ್ನು ಹೊರಗೆ ಕೂರಿಸಿ ಮಕ್ಕಳಿಗಷ್ಟೇ ಎಲ್ಲವನ್ನೂ ಹೇಳಿಸಿಕೊಳ್ಳುವ ನಮ್ಮ ಚಾಳಿ ನನಗಂತೂ ಸರಿ ಕಾಣುವುದಿಲ್ಲ. ಆದರೆ ಪರೀಕ್ಷೆ ಮಾಡಿಸುವುದರಲ್ಲಿ ನೇರ ಲಾಭವಿದೆ. ಗೊರಕೆ, ಫಿಟ್ಸ್, ಗುಳಿಗೆ ಕಾರಣವಾಗಿದ್ದರೆ ಅವಕ್ಕೆ ಮದ್ದಿದೆ. ಗುದ್ದಾಟಕ್ಕೂ ಮದ್ದಿದೆ.

ಮದ್ದು ಮತ್ತು ಅದರ ಮಿತಿ

ಸಾಮಾನ್ಯವಾಗಿ ಮೊದಲು ಕೊಡುವುದು ಮೆಲಟೋನಿನ್. ಮಲಗುವ ಮುಂಚೆ 3 ಮಿಲಿಗ್ರಾಂನಿಂದ ಶುರುಮಾಡಿ, ಬೇಕಾದರೆ ಹಂತ ಹಂತವಾಗಿ ಏರಿಸುತ್ತಾರೆ. ಎಲ್ಲರಿಗೂ ಕೆಲಸ ಮಾಡುವುದಿಲ್ಲ, ಅದರ ಹಿಂದಿನ ಅಧ್ಯಯನಗಳೂ ಚಿಕ್ಕವು, ಆದರೆ ವಯಸ್ಸಾದವರಿಗೆ ತೊಂದರೆ ಕಡಿಮೆ. ಇನ್ನೊಂದು ಕ್ಲೊನಾಜೆಪಾಮ್, ಕಾಲು ಅಥವಾ ಅರ್ಧ ಮಿಲಿಗ್ರಾಂನಿಂದ ಆರಂಭ. ಗುದ್ದಾಟವನ್ನು ಚೆನ್ನಾಗಿ ತಗ್ಗಿಸುತ್ತದೆ, ಆದರೆ ಬೆಳಿಗ್ಗೆ ಮಂಪರು, ರಾತ್ರಿ ಬಚ್ಚಲಿಗೆ ಹೋಗುವಾಗ ಜೋಲಿ ಹೊಡೆದು ಬೀಳುವುದು, ಮರೆವು ಹೆಚ್ಚುವುದು ಅದರ ಬೆಲೆ. ಉಸಿರು ಕಟ್ಟುವವರಿಗೆ ಅದು ಅಪಾಯ. ನೆರೆಮನೆಯವರ ಚೀಟಿಯಲ್ಲಿದ್ದದ್ದನ್ನು ಅಂಗಡಿಯಿಂದ ತಂದು ನುಂಗುವ ಗುಳಿಗೆ ಇದಲ್ಲ; ನಿದ್ದೆ ಪರೀಕ್ಷೆ ಮೊದಲು ಎನ್ನುವುದೂ ಇದಕ್ಕೇ. ನಮ್ಮ ಉದಾಹರಣೆಯ ರೈತರಿಗೆ ಅಮಿಟ್ರಿಪ್ಟಿಲಿನ್ ಅನ್ನು ಕೆಲವು ವಾರಗಳಲ್ಲಿ ಇಳಿಸಿ ಉರಿಗೆ ಬೇರೆ ಗುಳಿಗೆ ಕೊಟ್ಟು, ಮೆಲಟೋನಿನ್ 6 ಮಿಲಿಗ್ರಾಂವರೆಗೆ ಏರಿಸಿದಾಗ ಕೂಗು ಉಳಿಯಿತು, ಗುದ್ದು ಹೋಯಿತು ಎನ್ನೋಣ. ಇಷ್ಟಾದರೂ ಕುಡಗೋಲು ಕೋಣೆಗೆ ಮರಳಬಾರದು.

ಮುಂದೆ ವರ್ಷಕ್ಕೊಮ್ಮೆ ನರರೋಗ ತಜ್ಞರನ್ನು ಕಾಣಬೇಕು. ನಡಿಗೆ ನಿಧಾನವಾದರೆ, ದನಿ ಕುಗ್ಗಿದರೆ, ಲೆಕ್ಕಪತ್ರದಲ್ಲಿ ಎಡವತೊಡಗಿದರೆ, ಮನೆಯಲ್ಲಿ ಇಲ್ಲದ ಮಕ್ಕಳೋ ಪ್ರಾಣಿಗಳೋ ಕಂಡರೆ ವರ್ಷ ತುಂಬುವವರೆಗೆ ಕಾಯಬಾರದು. ಜೊತೆಗೆ ಆಸ್ಪತ್ರೆಯ ಫೈಲಿನ ಮೊದಲ ಪುಟದಲ್ಲೇ ಆರ್‌ಬಿಡಿ ಎಂದು ದಪ್ಪ ಅಕ್ಷರದಲ್ಲಿ ಬರೆಸಿಡಿ. ನಾಳೆ ಸೊಂಟದ ಶಸ್ತ್ರಚಿಕಿತ್ಸೆಯಾಗಿಯೋ ಜ್ವರ ಬಂದೋ ಅವರು ವಾರ್ಡಿನಲ್ಲಿ ರಾತ್ರಿ ಗಲಾಟೆ ಮಾಡಿದರೆ, ಶಾಂತಗೊಳಿಸಲು ಹ್ಯಾಲೊಪೆರಿಡಾಲ್ ಚುಚ್ಚುವ ರೂಢಿ ಹಲವೆಡೆ ಇದೆ. ಲೂಯಿ ಬಾಡಿ ಕಾಯಿಲೆ ಒಳಗೊಳಗೇ ಶುರುವಾಗಿದ್ದವರಿಗೆ ಆ ಚುಚ್ಚುಮದ್ದಿನಿಂದ ಮೈ ಮರದಂತೆ ಬಿಗಿದು ಜೀವಕ್ಕೇ ಕುತ್ತು ಬರಬಹುದು. ಡ್ಯೂಟಿಯಲ್ಲಿರುವ ವೈದ್ಯರಿಗೆ ಆ ಪುಟ ತೋರಿಸಿ, ಕೊಡುವ ಮುಂಚೆ ನರರೋಗ ತಜ್ಞರನ್ನು ಒಮ್ಮೆ ಕೇಳಿ ಎಂದು ಹೇಳಿ.